ಊಟಿ ಹಿತ್ತಲಿನ ಹಿಮ: ಕೆಳಗಿನ ಪಾತಿ ಯಾಕೆ ಮೊದಲು ಸುಡುತ್ತದೆ

ನವೆಂಬರ್ ಕೊನೆ

ನಮ್ಮ ಮನೆ ಊಟಿ ಪೇಟೆಯಿಂದ ಸ್ವಲ್ಪ ಆಚೆ, ಕಣಿವೆಗೆ ಇಳಿಯುವ ಇಳಿಜಾರಿನಲ್ಲಿದೆ. ಹಿತ್ತಲಿಗೆ ಮೂರು ಮೆಟ್ಟಿಲು. ಮೇಲಿನದು ಮನೆಯ ದಕ್ಷಿಣದ ಗೋಡೆಗೆ ಅಂಟಿಕೊಂಡಿದೆ. ನಡುವಿನದಕ್ಕೆ ಒಂದು ದೊಡ್ಡ ನೀಲಗಿರಿ ಮರದ ಕೊಂಬೆಗಳು ಚಾಚಿಕೊಂಡಿವೆ. ಕೆಳಗಿನದು ಬೇಲಿಯವರೆಗೆ ಬಯಲು. ಒಳ್ಳೆಯ ಮಣ್ಣೆಲ್ಲ ಅಲ್ಲೇ ಇರುವುದರಿಂದ ಆಲೂಗಡ್ಡೆ ಹಾಕುವುದೂ ಅಲ್ಲೇ. ಚಳಿಗಾಲ ಬಂತೆಂದರೆ ಆ ಆಲೂಗಡ್ಡೆ ಸೊಪ್ಪು ಕಪ್ಪಾಗುತ್ತದೆ, ಮೇಲಿನ ಮೆಟ್ಟಿಲಿನ ಬೀನ್ಸ್ ಮಾತ್ರ ಹಸಿರಾಗಿಯೇ ಉಳಿಯುತ್ತದೆ. ಎರಡರ ನಡುವಿನ ಎತ್ತರದ ವ್ಯತ್ಯಾಸ ಒಬ್ಬ ಆಳಿನಷ್ಟೂ ಇಲ್ಲ. ಈ ಸಲ ಅದನ್ನು ಅಳೆದೇ ನೋಡುತ್ತೇನೆ.

ರಾತ್ರಿಯ ಕನಿಷ್ಠ ಉಷ್ಣಾಂಶವನ್ನು ನೆನಪಿಟ್ಟುಕೊಳ್ಳುವ ಥರ್ಮಾಮೀಟರುಗಳನ್ನು ತಂದು, ಪುಡಿ ಮಾಡಿದ ಮಂಜುಗಡ್ಡೆ ಮತ್ತು ನೀರು ಬೆರೆಸಿದ ಪಾತ್ರೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಅದ್ದಿ ಇಟ್ಟೆ. ಚೆನ್ನಾಗಿ ಕಲಕಿದರೆ ಆ ನೀರು 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಯಾವುದು ಎಷ್ಟು ತಪ್ಪು ತೋರಿಸುತ್ತದೋ ಅದನ್ನು ಅದರ ಬೆನ್ನಿಗೇ ಬರೆದು ಅಂಟಿಸಿದೆ. ಒಂದು ಡಿಗ್ರಿಯಲ್ಲಿ ಗಿಡ ಬದುಕುವುದೋ ಸಾಯುವುದೋ ತೀರ್ಮಾನವಾಗುವಾಗ ಇಷ್ಟು ಮಾಡದೆ ಅಳತೆ ತೆಗೆಯುವುದರಲ್ಲಿ ಅರ್ಥವಿಲ್ಲ. ಆಮೇಲೆ ಮೂರೂ ಮೆಟ್ಟಿಲುಗಳಲ್ಲಿ, ಗಿಡದ ತುದಿಯ ಎತ್ತರಕ್ಕೆ, ಆಕಾಶಕ್ಕೆ ತೆರೆದುಕೊಂಡಂತೆ ಕಡ್ಡಿಗಳಿಗೆ ಕಟ್ಟಿದೆ. ಹವಾಮಾನ ಕೇಂದ್ರಗಳು ಮುಚ್ಚಿದ ಪೆಟ್ಟಿಗೆಯೊಳಗೆ, ಹೆಚ್ಚುಕಡಿಮೆ ಮನುಷ್ಯನ ಎದೆಯೆತ್ತರದಲ್ಲಿ, ಗಾಳಿಯ ಉಷ್ಣಾಂಶವನ್ನು ಅಳೆಯುತ್ತವೆ. ನನಗೆ ಬೇಕಾದದ್ದು ಎಲೆಗೆ ಆಗುವ ಚಳಿ. ಬಯಲಿನಲ್ಲಿರುವ ಎಲೆ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಪೇಪರಿನಲ್ಲಿ 3 ಡಿಗ್ರಿ ಎಂದಿದ್ದ ಬೆಳಿಗ್ಗೆಯೂ ಹುಲ್ಲಿನ ಮೇಲೆ ಹಿಮ ಬಿಳಿಯಾಗಿ ಕೂತಿರುವುದು ಇದರಿಂದಲೇ.

ಡಿಸೆಂಬರ್ ಮಧ್ಯ

ಈಶಾನ್ಯ ಮಾರುತದ ಮೋಡ ಸರಿದು ಆಕಾಶ ತೊಳೆದಂತಾಗಿದೆ. ಮೊದಲ ಒಳ್ಳೆಯ ರಾತ್ರಿಯ ಅಳತೆ: ಗೋಡೆಯ ಪಕ್ಕ 3.5, ಮರದ ಕೆಳಗೆ 2, ಕೆಳಗಿನ ಪಾತಿಯಲ್ಲಿ ಮೈನಸ್ 1. ಮೋಡ ಕವಿದಿದ್ದ ಅದರ ಹಿಂದಿನ ರಾತ್ರಿ ಮೂರೂ ಕಡೆ ಹೆಚ್ಚುಕಡಿಮೆ ಒಂದೇ ಇತ್ತು. ಗಾಳಿ ಬೀಸಿದ ರಾತ್ರಿಯೂ ಹಾಗೆಯೇ.

ಇದಕ್ಕೆ ಕಾರಣ ಹೀಗೆ. ಮೋಡವಿದ್ದರೆ ನೆಲ ಬಿಟ್ಟ ಶಾಖದಲ್ಲಿ ಬಹುಪಾಲನ್ನು ಅದು ಮತ್ತೆ ಕೆಳಕ್ಕೆ ಕಳಿಸುತ್ತದೆ. ಮೋಡವಿಲ್ಲದಿದ್ದರೆ ನೆಲ ತಣಿಯುತ್ತಾ ತನಗೆ ತಗಲಿದ ಗಾಳಿಯನ್ನೂ ತಣಿಸುತ್ತದೆ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಬಂದು ಇದರೊಂದಿಗೆ ಬೆರೆಯುತ್ತಿತ್ತು. ನಿಶ್ಚಲ ರಾತ್ರಿಯಲ್ಲಿ ಅದೂ ಇಲ್ಲ. ತಣ್ಣನೆಯ ಗಾಳಿ ಭಾರ, ಆದ್ದರಿಂದ ಇಳಿಜಾರು ಹಿಡಿದು ನೀರಿನ ಹಾಗೆ ಕೆಳಗೆ ಹರಿಯುತ್ತದೆ, ಅಡ್ಡ ಸಿಕ್ಕಿದಲ್ಲಿ ನಿಂತು ತುಂಬಿಕೊಳ್ಳುತ್ತದೆ. ಗೋಡೆ ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿಯೆಲ್ಲ ನಿಧಾನವಾಗಿ ಬಿಡುತ್ತದೆ. ನೀಲಗಿರಿ ಮರ ಗಿಡಕ್ಕೆ ಕಾಣುವ ಆಕಾಶವನ್ನು ಅರ್ಧ ಮರೆಮಾಡಿ ಮೋಡ ಮಾಡುವ ಕೆಲಸವನ್ನೇ ಸ್ವಲ್ಪ ಮಟ್ಟಿಗೆ ಮಾಡುತ್ತದೆ.

ಹಾಗಾದರೆ ಕೆಳಗಿನ ಪಾತಿಯಲ್ಲಿ ಗಾಳಿ ನಿಲ್ಲುವುದೇಕೆ? ಅಲ್ಲಿಂದಲೂ ನೆಲ ಇಳಿಯುತ್ತಲೇ ಇದೆ. ಕತ್ತಲಾದ ಮೇಲೆ ಊದುಬತ್ತಿ ಹಚ್ಚಿಕೊಂಡು ಮೇಲಿನಿಂದ ಇಳಿದು ಬಂದೆ. ಹೊಗೆ ಮೊಣಕಾಲಿನ ಎತ್ತರದಲ್ಲಿ ಮೆಲ್ಲಗೆ ಕೆಳಕ್ಕೆ ಸಾಗಿ ಬೇಲಿಯ ಹತ್ತಿರ ಬಂದು ನಿಂತುಬಿಟ್ಟಿತು. ಕಾಡುಹಂದಿ ಬಾರದಿರಲೆಂದು ಬೇಲಿಗೆ ಕಟ್ಟಿರುವ ದಪ್ಪ ನೆರಳುಪರದೆ ನೆಲಕ್ಕೆ ತಾಗಿಕೊಂಡಿದೆ. ಜೊತೆಗೆ ಅದರ ಬುಡದಲ್ಲಿ ಹುಲ್ಲು ಬೆಳೆದು ಸಂದಿಯನ್ನೆಲ್ಲ ಮುಚ್ಚಿದೆ. ತಂಪು ಗಾಳಿಗೆ ಅದು ಅಣೆಕಟ್ಟು.

ಡಿಸೆಂಬರ್ ಕೊನೆ

ಬೇಲಿಯ ಅತಿ ತಗ್ಗಿನ ಭಾಗದಲ್ಲಿ ಎರಡು ಮಾರು ಅಗಲಕ್ಕೆ ಪರದೆ ಬಿಚ್ಚಿ, ಹುಲ್ಲು ಕೊಯ್ದು, ಹಂದಿ ನುಗ್ಗದ ಹಾಗೆ ಬರೀ ತಂತಿ ಜಾಲರಿ ಬಿಟ್ಟೆ. ಫಲ ಸಿಕ್ಕಿತೋ ಇಲ್ಲವೋ ಎಂದು ಕೆಳಗಿನ ಪಾತಿಯ ಅಂಕಿಯೊಂದನ್ನೇ ನೋಡಿ ಹೇಳಲಾಗದು, ಯಾಕೆಂದರೆ ಒಂದು ರಾತ್ರಿಯ ಚಳಿ ಇನ್ನೊಂದರಂತೆ ಇರುವುದಿಲ್ಲ. ಮೇಲಿನ ಮತ್ತು ಕೆಳಗಿನ ಮೆಟ್ಟಿಲಿನ ವ್ಯತ್ಯಾಸವನ್ನು ನೋಡಬೇಕು, ಅದೂ ನಿಶ್ಚಲವಾದ ಶುಭ್ರ ರಾತ್ರಿಗಳಲ್ಲಿ ಮಾತ್ರ. ಮೊದಲು ಅದು ನಾಲ್ಕೂವರೆ ಡಿಗ್ರಿಯ ಆಸುಪಾಸಿನಲ್ಲಿತ್ತು, ಈಗ ಮೂರರ ಹತ್ತಿರ. ಒಂದೂವರೆ ಡಿಗ್ರಿ ಎಂದರೆ ಆಲೂಗಡ್ಡೆಗೆ ದೊಡ್ಡ ಮಾತು. ಅದರ ಎಲೆ ಮೈನಸ್ 1ರಿಂದ 2ರ ನಡುವೆಯೇ ಹೋಗುತ್ತದೆ.

ಇದಕ್ಕೂ ಮಿತಿಯಿದೆ. ಒಂದು ರಾತ್ರಿ ವ್ಯತ್ಯಾಸವೇ ಇಲ್ಲದೆ ಮೂರೂ ಮೆಟ್ಟಿಲು ಸೊನ್ನೆಗೆ ಇಳಿದವು. ಇಡೀ ಕಣಿವೆಯೇ ತಂಪು ಗಾಳಿಯಿಂದ ತುಂಬಿ ನಮ್ಮ ಹಿತ್ತಲು ಅದರಲ್ಲಿ ಮುಳುಗಿತ್ತು. ಹರಿದುಹೋಗಲು ತಗ್ಗಿನ ಜಾಗವೇ ಇಲ್ಲದಾಗ ಬೇಲಿ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಆಗ ಉಳಿಯುವ ದಾರಿ ಹೊದಿಕೆ.

ಜನವರಿ

ಹೊದಿಕೆಯ ವಿಷಯದಲ್ಲಿ ಮುಖ್ಯವಾದದ್ದು ನೆಲ. ರಾತ್ರಿ ಗಿಡಕ್ಕೆ ಸಿಗುವ ಶಾಖ ಮಣ್ಣಿನಿಂದ ಬರುತ್ತದೆ, ಬಟ್ಟೆಯಿಂದಲ್ಲ. ಬಟ್ಟೆ ಅದನ್ನು ತಡೆದು ಹಿಡಿಯುತ್ತದೆ ಅಷ್ಟೆ. ಹಾಗಾಗಿ ಬಟ್ಟೆಯನ್ನು ಗಿಡದ ಕಾಂಡಕ್ಕೆ ಸುತ್ತಿ ಕಟ್ಟಿದರೆ ಉಪಯೋಗವಿಲ್ಲ. ಕಡ್ಡಿ ನೆಟ್ಟು, ಎಲೆಗೆ ತಾಗದಂತೆ ಡೇರೆಯ ಹಾಗೆ ಇಳಿಬಿಟ್ಟು, ಅಂಚನ್ನು ನೆಲಕ್ಕೆ ಮುಟ್ಟಿಸಿ ಕಲ್ಲು ಹೇರಬೇಕು. ಹೊದಿಸುವ ಹೊತ್ತು ಸೂರ್ಯ ಮುಳುಗುವ ಸಮಯ. ಮಲಗುವ ಮುಂಚೆ ಹೊದಿಸಿದರೆ ಶಾಖ ಆಗಲೇ ಅರ್ಧ ಹೋಗಿರುತ್ತದೆ. ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ತೆಗೆಯಲೇಬೇಕು, ಇಲ್ಲವಾದರೆ ಮಣ್ಣು ಮತ್ತೆ ಕಾಯುವುದಿಲ್ಲ. ಒಂದು ಪದರ ಹಳೆಯ ಬೆಡ್‌ಶೀಟಿನಿಂದ ನನಗೆ ಸಿಕ್ಕಿದ್ದು ಒಂದೂವರೆ ಡಿಗ್ರಿ. ಪ್ಲಾಸ್ಟಿಕ್ಕಿಗೆ ತಾಗಿಕೊಂಡ ಎಲೆಗಳು ತಾಗಿದ ಜಾಗದಲ್ಲೇ ಸುಟ್ಟವು.

ಮಣ್ಣನ್ನು ಹದ ಮಾಡಿಕೊಳ್ಳುವುದು ಇದಕ್ಕಿಂತ ಸುಲಭ, ಆದರೂ ಹೆಚ್ಚಿನವರು ಉಲ್ಟಾ ಮಾಡುತ್ತಾರೆ. ಚಳಿ ಎಂದು ಗಿಡದ ಬುಡಕ್ಕೆ ಒಣಹುಲ್ಲು ಹಾಸುತ್ತಾರೆ. ಹುಲ್ಲು ಹಗಲಿನ ಬಿಸಿಲನ್ನು ಮಣ್ಣಿಗೆ ಇಳಿಯಗೊಡುವುದಿಲ್ಲ, ರಾತ್ರಿ ಮಣ್ಣಿನ ಶಾಖವನ್ನು ಮೇಲಕ್ಕೆ ಬಿಡುವುದಿಲ್ಲ. ಬೇರು ಬೆಚ್ಚಗಿರಬಹುದು, ಎಲೆಗೆ ಮಾತ್ರ ಚಳಿ ಹೆಚ್ಚು. ಒಂದೇ ಪಾತಿಯಲ್ಲಿ ಅರ್ಧಕ್ಕೆ ಹುಲ್ಲು ಹಾಸಿ, ಇನ್ನರ್ಧವನ್ನು ಕಳೆ ಕಿತ್ತು ಬರಿದು ಮಾಡಿ, ಮಧ್ಯಾಹ್ನಕ್ಕೆ ಮುಂಚೆಯೇ ಚೆನ್ನಾಗಿ ನೀರುಣಿಸಿದೆ. ಬರಿಯ ಒದ್ದೆ ಮಣ್ಣಿನ ಮೇಲಿನ ಥರ್ಮಾಮೀಟರ್ ಸುಮಾರು ಒಂದು ಡಿಗ್ರಿ ಹೆಚ್ಚು ತೋರಿಸಿತು. ಒದ್ದೆ ಮಣ್ಣು ಒಣಮಣ್ಣಿಗಿಂತ ಹೆಚ್ಚು ಶಾಖ ಹಿಡಿಯುತ್ತದೆ, ಬೇಗ ದಾಟಿಸುತ್ತದೆ. ಹೊಸದಾಗಿ ಅಗೆದ ಸಡಿಲ ಮಣ್ಣೂ ಹುಲ್ಲಿನಂತೆಯೇ ವರ್ತಿಸುವುದರಿಂದ ಈ ತಿಂಗಳು ಅಗೆಯುವುದನ್ನು ನಿಲ್ಲಿಸಿದ್ದೇನೆ.

ರಾತ್ರಿಯಿಡೀ ಎಲೆಯ ಮೇಲೆ ನೀರು ಚಿಮ್ಮಿಸುವ ವಿಧಾನವನ್ನು ನಾನು ಪ್ರಯೋಗಿಸಿಲ್ಲ. ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖದಿಂದ ಎಲೆ ಉಳಿಯುತ್ತದೆ, ನಿಜ. ಆದರೆ ಮಂಜುಗಡ್ಡೆ ಕರಗುವವರೆಗೂ ನೀರು ನಿಲ್ಲಬಾರದು. ನಡುವೆ ಕರೆಂಟ್ ಹೋಗಿ ಪಂಪು ನಿಂತರೆ ಒದ್ದೆ ಎಲೆಯಿಂದ ನೀರು ಆವಿಯಾಗಿ ಅದು ಇನ್ನಷ್ಟು ತಣ್ಣಗಾಗುತ್ತದೆ. ನಮ್ಮ ಬೀದಿಯ ಕರೆಂಟನ್ನು ನಂಬಿ ಅದಕ್ಕೆ ಕೈಹಾಕಲಾರೆ.

ಫೆಬ್ರವರಿ ಮೊದಲು

ಈ ವಾರ ಗಾಳಿ ತುಂಬ ಒಣಗಿದೆ. ಒಂದು ಬೆಳಿಗ್ಗೆ ಬಿಳಿಯ ಹಿಮ ಎಲ್ಲೂ ಕಾಣಲಿಲ್ಲ, ಪಕ್ಕದ ಮನೆಯ ಅಜ್ಜಿ "ಇವತ್ತು ಬಚಾವಾದೆವು" ಎಂದರು. ಹೊದಿಕೆಯಿಲ್ಲದ ಸಾಲಿನ ಎಲೆಗಳು ಕೈಗೆ ಬೇಯಿಸಿದ ಸೊಪ್ಪಿನಂತೆ ನೀರುನೀರಾಗಿ ಹತ್ತಿದವು, ಮಧ್ಯಾಹ್ನದೊಳಗೆ ಕಪ್ಪಾದವು. ಗಾಳಿಯಲ್ಲಿ ತೇವವಿದ್ದರೆ ಇಬ್ಬನಿ ಕೂರುವಾಗ ಸ್ವಲ್ಪ ಶಾಖ ಬಿಡುಗಡೆಯಾಗಿ ಚಳಿ ನಿಧಾನಕ್ಕೆ ಇಳಿಯುತ್ತದೆ. ತೇವವಿಲ್ಲದಿದ್ದರೆ ಆ ತಡೆಯೂ ಇಲ್ಲ, ಎಚ್ಚರಿಸುವ ಬಿಳುಪೂ ಇಲ್ಲ. ಈಗ ಸಂಜೆ ಇನ್ನೊಂದು ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಬೀಸಣಿಗೆಯಿಂದ ಗಾಳಿ ಹಾಕಿ ನೋಡುತ್ತೇನೆ. ಅದು ಒಣ ಥರ್ಮಾಮೀಟರಿಗಿಂತ ತುಂಬ ಕೆಳಗಿಳಿದರೆ ಗಾಳಿ ಒಣಗಿದೆ ಎಂದರ್ಥ. ಆಕಾಶ ಶುಭ್ರವಾಗಿದ್ದು ಎಲೆ ಅಲುಗದಿದ್ದರೆ ಅಂಥ ಸಂಜೆ ತಪ್ಪದೆ ಹೊದಿಸುತ್ತೇನೆ.

ಮುಂದಿನ ಚಳಿಗಾಲಕ್ಕೆ ಕೆಳಗಿನ ಪಾತಿಗೆ ಬೆಳ್ಳುಳ್ಳಿ ಮತ್ತು ಕೋಸು, ಇವೆರಡೂ ಇಷ್ಟು ಚಳಿ ತಡೆಯುತ್ತವೆ. ಆಲೂಗಡ್ಡೆ ನಡುವಿನ ಮೆಟ್ಟಿಲಿನಲ್ಲಿ ಮರದ ಕೊಂಬೆ ಚಾಚಿದ ಅಂಚಿಗೆ, ಬೀನ್ಸ್ ಗೋಡೆಯ ಹತ್ತಿರವೇ. ಮರದ ಬೇರು ಆಲೂಗಡ್ಡೆಯ ನೀರನ್ನು ಎಷ್ಟು ಕಿತ್ತುಕೊಳ್ಳುತ್ತದೆ ಎಂಬುದನ್ನು ಈ ಬೇಸಿಗೆಯಲ್ಲೇ ಒಂದು ಸಾಲು ನೆಟ್ಟು ನೋಡಬೇಕು.