ಹವಾಮಾನ–ವಾಯುಗುಣ ಪ್ರಾಜೆಕ್ಟ್: ಪೆಟ್ಟಿಗೆ ಮುಗೀತು, ಈಗ ಶೀಟ್ ಸರದಿ

ಏಳನೇ ಕ್ಲಾಸಿನ ಮಕ್ಕಳಿಗೆ ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸವನ್ನು ಬಾಯಲ್ಲಿ ಹೇಳುವ ಬದಲು ಅಳೆದು, ಲೆಕ್ಕ ಹಾಕಿ ತೋರಿಸಬೇಕು ಅನ್ನೋದು ಈ ಪ್ರಾಜೆಕ್ಟಿನ ಉದ್ದೇಶ. ಇದರಲ್ಲಿ ಎರಡು ಭಾಗ ಇವೆ. ಒಂದು, ದಿನದ ತಾಪಮಾನ ಬರೆದಿಡಲು ಥರ್ಮಾಮೀಟರ್ ಪೆಟ್ಟಿಗೆ. ಇನ್ನೊಂದು, ವರ್ಷಗಟ್ಟಲೆಯ ತಾಪಮಾನವನ್ನು ನಿಮಿಷಗಳಲ್ಲಿ ಆಡಿಸಿ ನೋಡುವ ಸ್ಪ್ರೆಡ್‌ಶೀಟ್.

ಪೆಟ್ಟಿಗೆ ಸಿದ್ಧವಾಗಿದೆ. ಬಿಳಿ ಬಣ್ಣ, ನಾಲ್ಕೂ ಕಡೆ ಗಾಳಿ ಆಡಲು ಓರೆಯಾದ ಪಟ್ಟಿಗಳು, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರ. ಹವಾಮಾನ ಕೇಂದ್ರಗಳಲ್ಲಿರುವ ಸ್ಟೀವನ್ಸನ್ ಪೆಟ್ಟಿಗೆಯ ಚಿಕ್ಕ ರೂಪ ಅನ್ನಿ. ಇಷ್ಟೆಲ್ಲ ಯಾಕೆ ಅಂದ್ರೆ, ನಮಗೆ ಬೇಕಿರುವುದು ಗಾಳಿಯ ತಾಪಮಾನ. ಥರ್ಮಾಮೀಟರಿಗೆ ನೇರ ಬಿಸಿಲು ಬಿದ್ದರೆ ಅದು ತಾನೇ ಕಾದು, ತನ್ನ ಬಿಸಿಯನ್ನೇ ತೋರಿಸುತ್ತದೆ. ಗೋಡೆಗೆ ನೇತುಹಾಕಿದರೂ ಕಷ್ಟವೇ. ಹಗಲೆಲ್ಲ ಬಿಸಿಲು ಕುಡಿದ ಗೋಡೆ ಸಂಜೆಯಾದ ಮೇಲೂ ಶಾಖ ಬಿಡುತ್ತಿರುತ್ತದೆ. ಜಾಗ ಸರಿಯಿದೆಯಾ ಅಂತ ಪರೀಕ್ಷಿಸಲು ಸುಲಭದ ದಾರಿ ಇದೆ: ಪೆಟ್ಟಿಗೆಯಲ್ಲೊಂದು, ಗೋಡೆ ಮೇಲೊಂದು ಥರ್ಮಾಮೀಟರ್ ಇಟ್ಟು ಸೂರ್ಯ ಮುಳುಗಿದ ಮೇಲೆ ಓದಿ. ಪೆಟ್ಟಿಗೆಯದು ಬೇಗ ಇಳಿಯುತ್ತದೆ, ಗೋಡೆಯದು ಹಿಂದೆ ಬೀಳುತ್ತದೆ.

ದಿನದ ಗರಿಷ್ಠ, ಕನಿಷ್ಠ ಎರಡನ್ನೂ ಬರೆಯುತ್ತೇವೆ. ಒಂದು ವಾರದ ಗರಿಷ್ಠಗಳು ಹೀಗಿವೆ ಅಂತಿಟ್ಟುಕೊಳ್ಳಿ: 31, 33, 28, 27, 32, 34, 30. ಮೂರನೇ ದಿನ ಮೋಡ ಕವಿದು ಐದು ಡಿಗ್ರಿ ಇಳಿಯಿತು, ಐದನೇ ದಿನ ಮತ್ತೆ ಐದು ಏರಿತು. ಈ ಕುಣಿತವೇ ಹವಾಮಾನ. ಇವತ್ತು ಛತ್ರಿ ಬೇಕಾ, ಒಗೆದ ಬಟ್ಟೆ ಒಣಗುತ್ತಾ ಅನ್ನೋದಕ್ಕೆ ಇದು ಸಾಕು. ಮನೆಯ ಚಾವಣಿ ಎಷ್ಟು ಇಳಿಜಾರಾಗಿರಬೇಕು, ರಸ್ತೆ ಪಕ್ಕದ ಚರಂಡಿ ಎಷ್ಟು ಅಗಲ ಇರಬೇಕು ಅಂತ ತೀರ್ಮಾನಿಸಲು ಈ ವಾರದ ಪಟ್ಟಿ ಏನೇನೂ ಉಪಯೋಗವಿಲ್ಲ. ಅದಕ್ಕೆ ಆ ಜಾಗದಲ್ಲಿ ಸಾಮಾನ್ಯವಾಗಿ ಏನಾಗುತ್ತೆ, ಅಪರೂಪಕ್ಕೆ ಏನಾಗುತ್ತೆ, ಎಷ್ಟು ಅಪರೂಪಕ್ಕೆ ಅನ್ನೋದು ಗೊತ್ತಿರಬೇಕು. ಅದೇ ವಾಯುಗುಣ.

ಇಲ್ಲೇ ಅಕ್ಕನ ಮಗಳು ತಡೆದಳು. "ಮಾಮ, ಮೊನ್ನೆ ಅಷ್ಟೊಂದು ಚಳಿ ಇತ್ತಲ್ಲ. ಮತ್ತೆ ಭೂಮಿ ಬಿಸಿಯಾಗ್ತಿದೆ ಅಂತಾರೆ?"

ಒಳ್ಳೆಯ ಪ್ರಶ್ನೆ. ಶೀಟ್ ಮಾಡಿದ್ದೇ ಇದಕ್ಕಾಗಿ ಅನ್ನಬಹುದು. ಒಂದು ಊಹೆಯ ಜಾಗ ತೆಗೆದುಕೊಂಡೆವು. ಅಲ್ಲಿ ಒಂದು ನಿರ್ದಿಷ್ಟ ತಿಂಗಳ ಗರಿಷ್ಠ ತಾಪಮಾನ ಸರಾಸರಿ 30 ಡಿಗ್ರಿ. ದಿನದಿಂದ ದಿನಕ್ಕೆ ಏರಿಳಿತ ಇದೆ, ಹೆಚ್ಚಿನ ದಿನಗಳು 27ರಿಂದ 33ರ ಒಳಗೆ ಬರುತ್ತವೆ. ಮೊದಲ ಕಾಲಮ್ಮಿನ 900 ಸಾಲುಗಳಲ್ಲಿ ಈ ಸೂತ್ರ:

```
=NORM.INV(RAND(),30,3)
```

900 ಯಾಕೆ ಅಂದ್ರೆ, ಆ ತಿಂಗಳ 30 ದಿನ, 30 ವರ್ಷ. ಸೂತ್ರದಲ್ಲಿರುವ 30 ಸರಾಸರಿ, 3 ಏರಿಳಿತದ ಅಳತೆ. F9 ಒತ್ತಿದಾಗಲೆಲ್ಲ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ.

ಮಕ್ಕಳು ಮೊದಲು ಒಂದೇ ಸಾಲನ್ನು ನೋಡಿದರು. ಒಮ್ಮೆ 26, ಒಮ್ಮೆ 35, ಹೇಳೋಕೇ ಆಗಲ್ಲ. ಆಮೇಲೆ ಮೊದಲ 30 ಸಾಲುಗಳ ಸರಾಸರಿ ನೋಡಿದರು. ಅದು 30ರ ಆಸುಪಾಸು ಅರ್ಧ, ಒಂದು ಡಿಗ್ರಿ ಅತ್ತಿತ್ತ ಆಡುತ್ತದೆ. ಕೊನೆಗೆ 900 ಸಾಲುಗಳ ಸರಾಸರಿ. F9 ಎಷ್ಟು ಒತ್ತಿದರೂ ಅದು 29.8 ಮತ್ತು 30.2ರ ನಡುವೆಯೇ ಗಟ್ಟಿಯಾಗಿ ಕೂತಿರುತ್ತದೆ, ಅಪರೂಪಕ್ಕೆ ಮಾತ್ರ ಆಚೆ ಹೋಗುತ್ತದೆ. ಒಂದೊಂದು ದಿನವನ್ನೂ ಊಹಿಸಲು ಆಗದಿದ್ದರೂ ಎಲ್ಲ ದಿನಗಳ ಒಟ್ಟು ನಡತೆಯನ್ನು ಹೇಳಬಹುದು ಅನ್ನೋದು ಪರದೆ ಮೇಲೇ ಕಾಣುತ್ತದೆ.

ಶೀಟಿಗೆ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೂ ಹೇಳಿದೆ. ಶೀಟಿನಲ್ಲಿ ಪ್ರತಿ ದಿನವೂ ಹಿಂದಿನ ದಿನವನ್ನು ಮರೆತುಬಿಡುತ್ತದೆ. ನಿಜವಾದ ಹವಾಮಾನ ಹಾಗಲ್ಲ. ಇವತ್ತು ಸೆಕೆ ಜಾಸ್ತಿ ಇದ್ದರೆ ನಾಳೆಯೂ ಇರುವ ಸಾಧ್ಯತೆ ಹೆಚ್ಚು. ಎಲ್ ನಿನೋ ಬಂದರೆ ಇಡೀ ವರ್ಷವೇ ಬೇರೆ ಥರ ಆಗಬಹುದು, ಅದು ಎರಡರಿಂದ ಏಳು ವರ್ಷಕ್ಕೊಮ್ಮೆ ಬರುತ್ತದೆ. ಹಾಗಾಗಿ ನಿಜವಾದ ಸರಾಸರಿ ಶೀಟಿನಷ್ಟು ಬೇಗ ನೆಲೆ ನಿಲ್ಲುವುದಿಲ್ಲ. ಐದು ವರ್ಷದ ಸರಾಸರಿ ಸಾಲದು, 30 ವರ್ಷ ಬೇಕು ಅನ್ನೋದಕ್ಕೆ ಇದೂ ಒಂದು ಕಾರಣ.

ಈಗ ಚಳಿಯ ಪ್ರಶ್ನೆಗೆ ಬರೋಣ. ಸೂತ್ರದಲ್ಲಿ 30 ಇದ್ದ ಕಡೆ 31 ಮಾಡಿದೆವು, ಅಷ್ಟೇ. ಪಕ್ಕದ ಎರಡು ಚೌಕಗಳಲ್ಲಿ ಎಣಿಕೆ:

```
=COUNTIF(A1:A900,">36")
=COUNTIF(A1:A900,"<24")
```

ಸರಾಸರಿ 30 ಇದ್ದಾಗ 36 ದಾಟುವ ದಿನಗಳು 900ರಲ್ಲಿ ಸುಮಾರು 20. ಸರಾಸರಿ 31 ಆದಾಗ ಸುಮಾರು 43. "ಒಂದೇ ಡಿಗ್ರಿ ತಾನೆ?" ಅಂದಿದ್ದ ಹುಡುಗ F9 ಮೇಲಿಂದ ಮೇಲೆ ಒತ್ತಿ ನೋಡಿದ. ಪ್ರತಿ ಸಲ ಸಂಖ್ಯೆ ಸ್ವಲ್ಪ ಬದಲಾದರೂ ದುಪ್ಪಟ್ಟಿನ ಹತ್ತಿರವೇ ನಿಂತಿತು. ಸರಾಸರಿ ಸ್ವಲ್ಪವೇ ಸರಿದರೂ ಅಂಚಿನಲ್ಲಿರುವ ದಿನಗಳ ಲೆಕ್ಕ ಬುಡಮೇಲಾಗುತ್ತದೆ.

ಇನ್ನೊಂದು ಚೌಕ ನೋಡಿ. 24ಕ್ಕಿಂತ ಕೆಳಗಿನ ತಂಪು ದಿನಗಳು ಸುಮಾರು 20 ಇದ್ದದ್ದು 9ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ! ಬಿಸಿಯಾದ ವಾಯುಗುಣದಲ್ಲೂ ಚಳಿಯ ದಿನ ಬಂದೇ ಬರುತ್ತದೆ, ಕಮ್ಮಿ ಸಲ ಬರುತ್ತದೆ. ಹಾಗಾಗಿ ಮೊನ್ನೆಯ ಚಳಿ ಒಂದನ್ನೇ ಹಿಡಿದು ಭೂಮಿ ಬಿಸಿಯಾಗುತ್ತಿಲ್ಲ ಅನ್ನೋಕಾಗಲ್ಲ. ನಾಳೆ ಒಂದು ದಿನ ಬೆಂಕಿಯಂಥ ಬಿಸಿಲು ಬಂದರೆ ಅದೊಂದೇ ಸಾಕ್ಷಿಯೂ ಆಗಲ್ಲ. ಎಷ್ಟು ಸಲ ಬರುತ್ತಿತ್ತು, ಈಗ ಎಷ್ಟು ಸಲ ಬರುತ್ತಿದೆ ಅಂತ ಎಣಿಸಬೇಕು.

30 ವರ್ಷದ ಲೆಕ್ಕ ನಾನು ಕಟ್ಟಿದ್ದಲ್ಲ. 1935ರಲ್ಲಿ ವಾರ್ಸಾದಲ್ಲಿ ಸೇರಿದ ಹವಾಮಾನ ತಜ್ಞರು 1901–1930ರ ಅವಧಿಯನ್ನು ಹೋಲಿಕೆಗೆ ಆರಿಸಿಕೊಂಡರು. ಈಗ ವಿಶ್ವ ಹವಾಮಾನ ಸಂಸ್ಥೆ 1991–2020ರ ಸರಾಸರಿ ಬಳಸುತ್ತದೆ, ಹತ್ತು ವರ್ಷಕ್ಕೊಮ್ಮೆ ಅದನ್ನು ಹೊಸದು ಮಾಡುತ್ತದೆ. ಇದರಲ್ಲೊಂದು ಸೂಕ್ಷ್ಮ ಇದೆ. ಸುದ್ದಿಯಲ್ಲಿ "ವಾಡಿಕೆಗಿಂತ ಅರ್ಧ ಡಿಗ್ರಿ ಜಾಸ್ತಿ" ಅಂದಾಗ ಆ ವಾಡಿಕೆಯೇ ಮೊದಲಿಗಿಂತ ಬಿಸಿಯಾಗಿರಬಹುದು. ಅದಕ್ಕೇ ದೀರ್ಘಕಾಲದ ಬದಲಾವಣೆ ನೋಡುವಾಗ 1961–1990ರ ಸರಾಸರಿಯನ್ನು ಕದಲಿಸದೆ ಇಟ್ಟುಕೊಂಡಿದ್ದಾರೆ. ನಮ್ಮ ಗೋಡೆ ಚಾರ್ಟಿನಲ್ಲೂ ಎರಡು ಗೆರೆ ಎಳೆಯೋಣ ಅಂತಿದ್ದೇನೆ.

ಇನ್ನೂ ಬಗೆಹರಿಯದ್ದು ಸರಾಸರಿಯ ಸಮಸ್ಯೆ. ಒಂದು ಮರುಭೂಮಿಯಲ್ಲಿ ಹಗಲು 40, ರಾತ್ರಿ 10. ಒಂದು ಕಡಲತೀರದಲ್ಲಿ ಹಗಲು 28, ರಾತ್ರಿ 22. ಎರಡರ ಸರಾಸರಿಯೂ 25! ಎರಡೂ ಒಂದೇ ವಾಯುಗುಣ ಅಂದ್ರೆ ಯಾರು ಒಪ್ತಾರೆ? ಮಳೆಯಲ್ಲಂತೂ ಇದು ಇನ್ನೂ ಕೆಡುತ್ತದೆ. ತಿಂಗಳಿಗೆ 100 ಮಿಲಿಮೀಟರ್ ಅನ್ನೋದು ಇಪ್ಪತ್ತು ದಿನದ ಜಿಟಿಜಿಟಿ ಮಳೆ ಆಗಿರಬಹುದು, ಒಂದೇ ರಾತ್ರಿಯ ಪ್ರವಾಹವೂ ಆಗಿರಬಹುದು. ಅದೂ ಅಲ್ಲದೆ ಮಳೆಯ ಪಟ್ಟಿಯಲ್ಲಿ ಸೊನ್ನೆಗಳೇ ಜಾಸ್ತಿ, ಸೊನ್ನೆಗಿಂತ ಕೆಳಗೆ ಏನೂ ಇರಲ್ಲ. ಹಾಗಾಗಿ ಮೇಲಿನ `NORM.INV` ಅಲ್ಲಿ ನಡೆಯಲ್ಲ.

ಮಳೆಯ ಶೀಟಿಗೆ ಮೂರು ಕಾಲಮ್ ಯೋಚಿಸಿದ್ದೇನೆ: ತಿಂಗಳ ಒಟ್ಟು ಮಳೆ, ಮಳೆ ಬಿದ್ದ ದಿನಗಳು, ಒಂದೇ ದಿನದ ಅತಿ ದೊಡ್ಡ ಮಳೆ. ಮಳೆಮಾಪಕಕ್ಕೆ ನೆಟ್ಟಗೆ ನಿಲ್ಲುವ, ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇರುವ ಡಬ್ಬಿ ಹುಡುಕುತ್ತಿದ್ದೇವೆ. ಕೆಳಗೆ ಕಿರಿದಾಗುವ ಡಬ್ಬಿಯಾದರೆ ನೀರಿನ ಎತ್ತರಕ್ಕೂ ಬಿದ್ದ ಮಳೆಗೂ ತಾಳೆಯಾಗಲ್ಲ.