ಊರಿನ ದನಗಳಿಗೆಲ್ಲ ಕೊಂಬಿದ್ದರೂ ಪ್ರಬಲವಾದದ್ದು ಕೊಂಬಿಲ್ಲದ ಗುಣ

ನಾನು ಹಾಸನ ಜಿಲ್ಲೆಯಲ್ಲಿ ಪಶುವೈದ್ಯೆ. ಡೈರಿಗೆ ಹಾಲು ಹಾಕುವ ಮನೆಗಳಲ್ಲಿ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ಎಚ್‌ಎಫ್ ಮಿಶ್ರತಳಿಯ ಕರುಗಳಿಗೆ ಕೊಂಬಿನ ಮೊಗ್ಗು ಸುಡುವುದು ನಮ್ಮ ನಿತ್ಯದ ಕೆಲಸಗಳಲ್ಲೊಂದು. ಹುಟ್ಟಿದ ಮೊದಲ ಕೆಲವು ವಾರ ಆ ಮೊಗ್ಗು ಚರ್ಮದಲ್ಲಷ್ಟೇ ಇರುತ್ತದೆ, ಇನ್ನೂ ಬುರುಡೆಗೆ ಕೂಡಿಕೊಂಡಿರುವುದಿಲ್ಲ. ಆಗಲೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಕಾಯಿಸಿದ ಕಬ್ಬಿಣದಿಂದ ಅದರ ಸುತ್ತಲಿನ ಚರ್ಮವನ್ನು ಸುಟ್ಟರೆ ಕೊಂಬು ಬರುವುದಿಲ್ಲ.

ಹಾಗೆ ಹೋಗಿದ್ದ ಒಂದು ಮನೆಯಲ್ಲಿ ಸುಡುವುದಕ್ಕೆ ಮೊಗ್ಗೇ ಇರಲಿಲ್ಲ. ಮೂರು ವಾರದ ಹೆಣ್ಣು ಕರು, ಚುರುಕಾಗಿತ್ತು. ಕಿವಿಗಳ ಮೇಲ್ಭಾಗದ ಕೂದಲು ಸರಿಸಿ ಎರಡೂ ಕಡೆ ಬೆರಳಾಡಿಸಿದರೂ ನಯವಾದ ಮೂಳೆ ಬಿಟ್ಟು ಬೇರೇನೂ ಸಿಗಲಿಲ್ಲ. ಮನೆಯ ಗೌಡರಿಗೆ ಕರುವಿಗೆ ಏನೋ ಊನವಾಗಿದೆ ಎಂಬ ಚಿಂತೆ. ನನ್ನೊಂದಿಗೆ ತರಬೇತಿಗೆ ಬಂದಿದ್ದ ವಿದ್ಯಾರ್ಥಿ ತಕ್ಷಣ ವಿವರಣೆ ಕೊಟ್ಟ.

“ಇದು ದುರ್ಬಲ ಗುಣ ಮೇಡಂ. ಊರಿನ ದನಗಳಿಗೆಲ್ಲ ಕೊಂಬಿದೆ, ಆದ್ದರಿಂದ ಕೊಂಬಿನ ಆಲೀಲ್ ಪ್ರಬಲ. ಇದರ ತಾಯಿಗೂ ಕೊಂಬಿಲ್ಲ, ನೋಡಿ. ಎರಡೂ ಕಡೆಯಿಂದ ದುರ್ಬಲ ಆಲೀಲ್ ಬಂದು ಸೇರಿದೆ.”

ಆಲೀಲ್ ಎಂದರೆ ಒಂದು ವಂಶವಾಹಿಯ ಬೇರೆ ಬೇರೆ ರೂಪಗಳಲ್ಲೊಂದು. ಕರುವಿಗೆ ತಾಯಿಯಿಂದ ಒಂದು, ತಂದೆಯಿಂದ ಒಂದು ಪ್ರತಿ ಬರುತ್ತದೆ. ಒಂದೇ ಪ್ರತಿ ಇದ್ದರೂ ಗುಣ ಕಾಣಿಸಿದರೆ ಅದು ಪ್ರಬಲ, ಕಾಣಿಸಲು ಎರಡೂ ಪ್ರತಿ ಬೇಕಾದರೆ ದುರ್ಬಲ.

“ಮೊದಲು ತಾಯಿಯ ತಲೆ ಮುಟ್ಟಿ ನೋಡು,” ಎಂದೆ.

ಅವನು ಹೋಗಿ ಮುಟ್ಟಿದ. ಕೊಂಬಿರಬೇಕಾದ ಎರಡೂ ಜಾಗದಲ್ಲಿ ಕೂದಲಿಲ್ಲದ ಗಟ್ಟಿ ಗಾಯದ ಕಲೆಯಿತ್ತು. ನೆತ್ತಿ ಅಗಲವಾಗಿ, ಚಪ್ಪಟೆಯಾಗಿತ್ತು. ಹುಟ್ಟಿನಿಂದಲೇ ಕೊಂಬಿಲ್ಲದ ದನದ ನೆತ್ತಿ ಕಿರಿದಾಗಿ ಮೇಲಕ್ಕೆ ಚೂಪಾಗಿರುತ್ತದೆ, ಕಲೆ ಇರುವುದಿಲ್ಲ. “ಕರುವಾಗಿದ್ದಾಗ ಸುಡಿಸಿದ್ದೆವು,” ಎಂದು ಗೌಡರೂ ಹೇಳಿದರು. ಸುಟ್ಟ ಹಸುವನ್ನು ಕೊಂಬಿಲ್ಲದ ಹಸುವೆಂದು ಲೆಕ್ಕಕ್ಕೆ ಹಿಡಿದರೆ ಆನುವಂಶಿಕತೆಯ ಯಾವ ಲೆಕ್ಕವೂ ಕೂಡುವುದಿಲ್ಲ. ಸುಡುವುದರಿಂದ ಚರ್ಮ ಬದಲಾಗುತ್ತದೆಯೇ ಹೊರತು ಆಲೀಲ್ ಬದಲಾಗುವುದಿಲ್ಲ.

ಆಮೇಲೆ ಕೃತಕ ಗರ್ಭಧಾರಣೆಯ ಚೀಟಿ ತರಿಸಿದೆ. ಹೊರಗಿನಿಂದ ತರಿಸಿದ ಎಚ್‌ಎಫ್ ಹೋರಿಯ ವೀರ್ಯ. ಹೋರಿಯ ವಿವರದಲ್ಲಿ ಅದು ಹುಟ್ಟಾ ಕೊಂಬಿಲ್ಲದ್ದು, ಕೊಂಬಿಲ್ಲದ ಆಲೀಲಿನ ಒಂದೇ ಪ್ರತಿ ಹೊಂದಿದೆ ಎಂದಿತ್ತು.

“ಈಗ ಹೇಳು. ತಾಯಿ ಕೊಂಬಿನದು, ತಂದೆಯ ಹತ್ತಿರ ಕೊಂಬಿಲ್ಲದ ಆಲೀಲ್ ಒಂದೇ ಒಂದು. ಕರುವಿಗೆ ಎಷ್ಟು ಬಂದಿರಲು ಸಾಧ್ಯ?”

“ಹೆಚ್ಚೆಂದರೆ ಒಂದು. ತಂದೆಯಿಂದ.”

“ಒಂದೇ ಪ್ರತಿ ಬಂದು ಕೊಂಬು ನಿಂತುಹೋಗಿದೆ. ಹಾಗಾದರೆ ಪ್ರಬಲ ಯಾವುದು?”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ಕೊಂಬಿಲ್ಲದ್ದೇ ಪ್ರಬಲ. ಆದರೆ ಮೇಡಂ, ಪ್ರಬಲವಾದದ್ದು ಮುಕ್ಕಾಲು ಪಾಲು ಕಾಣಬೇಕಲ್ಲವೇ? ಮೂರಕ್ಕೆ ಒಂದು ಎಂದೇ ಓದಿದ್ದೇವೆ.”

ಈ ತಪ್ಪು ತಿಳಿವಳಿಕೆ ಹುಟ್ಟುವುದೇ ಇಲ್ಲಿ ಎಂದು ನನಗೆ ಬಲವಾಗಿ ಅನಿಸುತ್ತದೆ. ಮೆಂಡಲ್ ಎಣಿಸಿದ ಎರಡನೇ ಪೀಳಿಗೆಯಲ್ಲಿ 5,474 ದುಂಡು ಬಟಾಣಿ, 1,850 ಸುಕ್ಕು ಬಟಾಣಿ ಇದ್ದವು. ಆದರೆ ಅವುಗಳನ್ನು ಹೆತ್ತ ಗಿಡಗಳಲ್ಲಿ ಪ್ರತಿಯೊಂದರಲ್ಲೂ ದುಂಡಿನ ಆಲೀಲ್ ಒಂದು, ಸುಕ್ಕಿನದು ಒಂದು ಇತ್ತು. ಅಂದರೆ ಶುರುವಿನಲ್ಲೇ ಎರಡೂ ಅರ್ಧರ್ಧ. ಹಾಗೆ ಸಮ ಮಾಡಿಕೊಂಡದ್ದು ಮೆಂಡಲ್. ಊರಿನ ಕೊಟ್ಟಿಗೆಗಳಲ್ಲಿ ಯಾರೂ ಹಾಗೆ ಸಮ ಮಾಡಿಟ್ಟಿಲ್ಲ. ಇದನ್ನು ಹೇಳದೆ ಮೂರಕ್ಕೊಂದು ಎಂಬ ಅನುಪಾತವನ್ನು ಮಾತ್ರ ಬಾಯಿಪಾಠ ಮಾಡಿಸುವುದು ನನಗೆ ಸರಿಕಾಣುವುದಿಲ್ಲ.

“ಮೊದಲು ಕಡಿಮೆ ಇದ್ದರೂ ಪ್ರಬಲವಾದದ್ದು ಪೀಳಿಗೆ ಕಳೆದಂತೆ ಹೆಚ್ಚಾಗಬೇಕಲ್ಲ?” ಎಂದು ಅವನು ಮತ್ತೆ ಕೇಳಿದ. ಒಳ್ಳೆಯ ಪ್ರಶ್ನೆ. ಚೀಟಿಯ ಹಿಂಬದಿಯಲ್ಲೇ ಲೆಕ್ಕ ಬರೆಸಿದೆ.

“ನೂರು ದನ ಎಂದಿಟ್ಟುಕೋ. ಹತ್ತಕ್ಕೆ ಕೊಂಬಿಲ್ಲ, ಆ ಹತ್ತರಲ್ಲೂ ಒಂದೊಂದೇ ಪ್ರತಿ. ತಲೆಗೆ ಎರಡರಂತೆ ಒಟ್ಟು ಇನ್ನೂರು ಪ್ರತಿ, ಅದರಲ್ಲಿ ಹತ್ತು ಕೊಂಬಿಲ್ಲದ್ದು.”

“ಶೇ 5.”

“ಯಾವುದನ್ನೂ ಆರಿಸದೆ, ಯಾವುದರೊಂದಿಗೆ ಯಾವುದಾದರೂ ಕೂಡಿ, ನಾನೂರು ಕರು ಹುಟ್ಟಲಿ. ಎರಡೂ ಕಡೆಯಿಂದ ಕೊಂಬಿಲ್ಲದ ಆಲೀಲ್ ಬರುವುದು ಎಷ್ಟಕ್ಕೆ?”

“ಇಪ್ಪತ್ತರಲ್ಲೊಂದು ಗುಣಿಸು ಇಪ್ಪತ್ತರಲ್ಲೊಂದು. ನಾನೂರರಲ್ಲಿ ಒಂದು ಕರು.”

“ಒಂದೇ ಪ್ರತಿ ಬರುವುದು?”

ಅವನು ಬರೆದ. “ಮೂವತ್ತೆಂಟು. ಉಳಿದ 361ಕ್ಕೆ ಕೊಂಬು.”

“ಈಗ ಪ್ರತಿಗಳನ್ನು ಎಣಿಸು.”

“ಆ ಒಂದರಲ್ಲಿ ಎರಡು, ಈ ಮೂವತ್ತೆಂಟರಲ್ಲಿ ಮೂವತ್ತೆಂಟು, ಒಟ್ಟು ನಲವತ್ತು. ಎಂಟುನೂರರಲ್ಲಿ ನಲವತ್ತು... ಮತ್ತೆ ಶೇ 5! ಮೇಡಂ, ಒಂದಿಷ್ಟೂ ಹೆಚ್ಚಲಿಲ್ಲ.”

ಹೆಚ್ಚುವುದಕ್ಕೆ ಕಾರಣವೇ ಇಲ್ಲ. ಕೊಂಬು ಮೂಡಬೇಕೋ ಬೇಡವೋ ಎಂಬುದು ಕರುವಿನ ದೇಹದಲ್ಲಿ ತೀರ್ಮಾನವಾಗುವಾಗ ಮಾತ್ರ ಪ್ರಬಲ ಆಲೀಲಿನ ಮಾತು ನಡೆಯುತ್ತದೆ. ಮುಂದಿನ ಪೀಳಿಗೆಗೆ ದಾಟುವಾಗ ಅದಕ್ಕೆ ಯಾವ ಆದ್ಯತೆಯೂ ಇಲ್ಲ. ಒಂದೇ ಪ್ರತಿ ಇರುವ ಹೋರಿಯ ವೀರ್ಯಾಣುಗಳಲ್ಲಿ ಅರ್ಧಕ್ಕೆ ಕೊಂಬಿಲ್ಲದ ಆಲೀಲ್, ಅರ್ಧಕ್ಕೆ ಕೊಂಬಿನ ಆಲೀಲ್ ಹೋಗುತ್ತದೆ.

ಇದೇ ಗೊಂದಲ ಒಂದು ಶತಮಾನದ ಹಿಂದೆ ವಿಜ್ಞಾನಿಗಳ ನಡುವೆಯೂ ಇತ್ತು. ಮನುಷ್ಯರಲ್ಲಿ ಗಿಡ್ಡ ಬೆರಳಿನ ಒಂದು ಪ್ರಬಲ ಗುಣವಿದೆ, ಬಹಳ ಅಪರೂಪದ್ದು. ಅದು ಪ್ರಬಲವಾಗಿದ್ದರೆ ಕಾಲಕ್ರಮೇಣ ನಾಲ್ವರಲ್ಲಿ ಮೂವರಿಗೆ ಬರಬೇಕಿತ್ತಲ್ಲ ಎಂಬ ಆಕ್ಷೇಪವನ್ನು ತಳಿವಿಜ್ಞಾನಿ ಪನ್ನೆಟ್ ಅವರು ಗಣಿತಜ್ಞ ಹಾರ್ಡಿಯವರ ಮುಂದಿಟ್ಟರು. ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರಲ್ಲ, ಅದೇ ಹಾರ್ಡಿ. 1908ರಲ್ಲಿ ಅವರು ಕೊಟ್ಟ ಉತ್ತರದ ತಿರುಳು ಚೀಟಿಯ ಹಿಂದಿನ ಈ ಲೆಕ್ಕವೇ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಸ್ವತಂತ್ರವಾಗಿ ಇದನ್ನು ತೋರಿಸಿದರು.

“ಹಾಗಾದರೆ ಕೊಂಬಿನ ಆಲೀಲ್ ಇಷ್ಟೊಂದು ಇರುವುದು ಏಕೆ?” ಎಂದು ವಿದ್ಯಾರ್ಥಿ ಕೇಳಿದಾಗ ನಾನು ಗೌಡರ ಹಳ್ಳಿಕಾರ್ ಜೋಡಿಯತ್ತ ಕೈ ತೋರಿಸಿದೆ. ಹಣೆಯಿಂದ ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದ ನೀಳ ಕೊಂಬುಗಳು. “ಗೌಡರೇ, ಜಾತ್ರೆಯಲ್ಲಿ ಕೊಂಬಿಲ್ಲದ ಹೋರಿ ಕಂಡರೆ ಕೊಳ್ಳುತ್ತೀರಾ?”

“ಕೊಂಬು ನೋಡಿಯೇ ಅಲ್ಲವೇ ಮೇಡಂ ಹೋರಿ ಕೊಳ್ಳುವುದು! ಕೊಂಬಿಲ್ಲದ್ದನ್ನು ಯಾರು ಬೀಜಕ್ಕೆ ಬಿಡುತ್ತಾರೆ?”

ಆರಿಸಿದ್ದು ಜನ. ಇಲ್ಲಿ ಪ್ರಬಲವಾಗಿರುವುದು ಆ ಆಲೀಲಿಗೆ ಕೇಡೇ ಆಗುತ್ತದೆ, ಏಕೆಂದರೆ ಅದು ಅಡಗಿಕೊಳ್ಳಲಾರದು. ಒಂದು ಪ್ರತಿ ಇದ್ದರೂ ತಲೆಯ ಮೇಲೆ ಕಾಣುತ್ತದೆ. ಅಂಥವುಗಳನ್ನೆಲ್ಲ ಒಂದು ಪೀಳಿಗೆಯಲ್ಲಿ ಬೀಜಕ್ಕೆ ಬಿಡದಿದ್ದರೆ ಆ ಮಂದೆಯಿಂದ ಆಲೀಲೇ ಹೋಯಿತು. ದುರ್ಬಲ ಆಲೀಲನ್ನು ಹಾಗೆ ಕಿತ್ತುಹಾಕಲು ಆಗುವುದಿಲ್ಲ. ಎಚ್‌ಎಫ್‌ನಲ್ಲಿ ಕೆಂಪು ಬಣ್ಣ ದುರ್ಬಲ. ಅದು ಕಪ್ಪು ಹಸುಗಳೊಳಗೆ ಪೀಳಿಗೆಗಟ್ಟಲೆ ಕಾಣದಂತೆ ಉಳಿದು, ಕಪ್ಪು ತಾಯಿ ಕಪ್ಪು ತಂದೆಗೆ ಒಂದು ದಿನ ಕೆಂಪು ಕರು ಹುಟ್ಟುತ್ತದೆ. ಹಾಗೆಂದು ಪ್ರಬಲವಾದದ್ದೆಲ್ಲ ಅಪರೂಪ ಎಂದೂ ಅಲ್ಲ. ಅದೇ ಎಚ್‌ಎಫ್‌ನಲ್ಲಿ ಕಪ್ಪು ಬಣ್ಣ ಪ್ರಬಲವೂ ಹೌದು, ಹೆಚ್ಚಾಗಿರುವುದೂ ಹೌದು.

ಗೌಡರಿಗೆ ಇದ್ದದ್ದು ಬೇರೆಯೇ ಪ್ರಶ್ನೆ. “ಈ ಕರು ಬೆಳೆದು ಈಯುವಾಗ ಅದರ ಕರುಗಳಿಗೂ ಕೊಂಬಿರುವುದಿಲ್ಲವೇ?”

“ಇದಕ್ಕೆ ತಾಯಿಯಿಂದ ಕೊಂಬಿನ ಆಲೀಲ್ ಬಂದೇ ಇದೆ. ಕೊಂಬಿನ ಹೋರಿಯ ವೀರ್ಯ ಹಾಕಿಸಿದರೆ ಪ್ರತಿ ಸಲವೂ ಅರ್ಧ ಸಾಧ್ಯತೆ. ಮೊದಲ ಎರಡು ಕರುಗಳಿಗೂ ಕೊಂಬು ಬರಬಹುದು, ಎರಡಕ್ಕೂ ಬರದೆಯೂ ಇರಬಹುದು. ಎರಡೂ ಪ್ರತಿ ಇರುವ ಹೋರಿಯ ವೀರ್ಯ ಸಿಕ್ಕರೆ ಒಂದಕ್ಕೂ ಕೊಂಬು ಬರುವುದಿಲ್ಲ. ಕೆಲವಕ್ಕೆ ಬುರುಡೆಗೆ ಅಂಟದೆ ಅಲುಗಾಡುವ ಸಣ್ಣ ಕೋಡು ಮೂಡಬಹುದು. ಅದನ್ನು ಕೊಂಬೆಂದು ಎಣಿಸಬೇಡಿ, ಅದು ಬೇರೆ ವಂಶವಾಹಿಯ ಕೆಲಸ.”

ಕರುವಿನ ಚೀಟಿಯಲ್ಲಿ ‘ಹುಟ್ಟಾ ಕೊಂಬಿಲ್ಲ, ಸುಟ್ಟಿಲ್ಲ’ ಎಂದು ವಿದ್ಯಾರ್ಥಿಯ ಕೈಯಲ್ಲೇ ಬರೆಸಿ, ಗರ್ಭಧಾರಣೆಗೆ ಬರುವವರಿಗೆ ತೋರಿಸಲು ಜೋಪಾನವಾಗಿಡಿ ಎಂದು ಗೌಡರಿಗೆ ಕೊಟ್ಟೆ.