ಡಬ್ಬಿಯ ತಳ ತೋರಿಸು

ಹಾಲಿನ ಪುಡಿ ತುಂಬುವ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಬಹುಕಾಲ ದುಡಿದವನು ನಾನು. ಹಾಗಾಗಿ ನೆಂಟರ ಮನೆಗಳಲ್ಲಿ ಡಬ್ಬಿಯ ಬಗ್ಗೆ ಯಾವ ಅನುಮಾನ ಬಂದರೂ ಅದು ನನ್ನ ಮೊಬೈಲಿಗೇ ಬರುತ್ತದೆ. ಉಡುಪಿಯಲ್ಲಿರುವ ತಂಗಿಯ ಮಗಳು ಕಳೆದ ಮಳೆಗಾಲದಲ್ಲಿ ಶಿಶು ಆಹಾರದ ಎರಡು ಡಬ್ಬಿಗಳ ಚಿತ್ರ ಕಳುಹಿಸಿ, "ಮಾವ, ಇದನ್ನು ಮಗುವಿಗೆ ಕೊಡಬಹುದಾ?" ಎಂದು ಕೇಳಿದಳು. ಗಲ್ಫ್‌ನಿಂದ ಬಂದ ಮಾಲು ಎಂದು ಆನ್‌ಲೈನ್ ವ್ಯಾಪಾರಿಯೊಬ್ಬ ಕಡಿಮೆ ಬೆಲೆಗೆ ಮಾರಿದ್ದನಂತೆ. ಚಿತ್ರದಲ್ಲಿದ್ದದ್ದು ಡಬ್ಬಿಯ ಮುಂಭಾಗ ಮಾತ್ರ, ಅದೂ ಫ್ಲ್ಯಾಷ್ ಹಾಕಿ ತೆಗೆದದ್ದು.

ಮುಂಭಾಗ ಚೆನ್ನಾಗಿಯೇ ಇರುತ್ತದೆ, ಮಾರಾಯ್ತಿ. ನಕಲು ಮಾಡುವವನು ಮೊದಲು ಗಮನ ಕೊಡುವುದೇ ಅಲ್ಲಿಗೆ. ತಳವನ್ನು ನೇರವಾಗಿ ತೆಗೆದು ಕಳುಹಿಸು, ಎರಡೂ ಡಬ್ಬಿಗಳದ್ದು, ವಾಟ್ಸಾಪ್‌ನಲ್ಲಿ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಎಂದೆ. ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ, ನಮಗೆ ಬೇಕಾದ ಚುಕ್ಕಿಗಳೇ ಕಲಸಿಹೋಗುತ್ತವೆ.

ಬ್ಯಾಚ್ ಸಂಖ್ಯೆ ಮತ್ತು ದಿನಾಂಕವನ್ನು ಸಾಮಾನ್ಯವಾಗಿ ಇಂಕ್‌ಜೆಟ್ ಯಂತ್ರ ಸಾಗುತ್ತಿರುವ ಡಬ್ಬಿಯ ತಳದ ಮೇಲೆ ಶಾಯಿಯ ಚುಕ್ಕಿಗಳನ್ನು ಸಿಡಿಸಿ ಬರೆಯುತ್ತದೆ. ಸಾಲು ಸ್ವಲ್ಪ ಓರೆಯಾಗುವುದು, ಒಂದು ಚುಕ್ಕಿ ತಪ್ಪುವುದು ಮಾಮೂಲಿ. ಅಂಥ ಓರೆಗೆ ಜನ ಗಾಬರಿಯಾಗುತ್ತಾರೆ, ನಾನು ಆಗುವುದಿಲ್ಲ. ನನಗೆ ಅನುಮಾನ ಹುಟ್ಟಿಸುವುದು ಅತಿಯಾದ ಹೋಲಿಕೆ. ಅವಳ ಎರಡೂ ಡಬ್ಬಿಗಳಲ್ಲಿ ಅದೇ '8'ರ ಅದೇ ಮೇಲಿನ ಚುಕ್ಕಿ ಹಾರಿತ್ತು, ಎರಡರಲ್ಲೂ ಕೊನೆಯ ಅಂಕಿ ಅಷ್ಟೇ ಕೆಳಗಿಳಿದಿತ್ತು. ಜೊತೆಗೆ ಡಬ್ಬಿಯ ಮೈಯ ಬೆಸುಗೆಗೆ ಹೋಲಿಸಿದರೆ ಸಾಲು ಎರಡರಲ್ಲೂ ಒಂದೇ ಕೋನದಲ್ಲಿತ್ತು. ಪ್ಯಾಕಿಂಗ್ ಸಾಲಿನಲ್ಲಿ ಉರುಳಿ ತಿರುಗುತ್ತ ಬರುವ ಡಬ್ಬಿಗಳಲ್ಲಿ ಇದು ಅಪರೂಪ. ಸಾಮಾನ್ಯವಾಗಿ ಒಂದೇ ಅಚ್ಚಿನಿಂದ ಒತ್ತಿದಾಗ ತಪ್ಪುಗಳು ಹೀಗೆ ಜೋಡಿಯಾಗಿ ಬರುತ್ತವೆ. ಇದಲ್ಲದೆ, ಹಳೆಯ ದಿನಾಂಕವನ್ನು ದ್ರಾವಕದಿಂದ ಒರೆಸಿ ಹೊಸದು ಬರೆಯುವವರೂ ಇದ್ದಾರೆ. ಅಲ್ಲಿ ಬೆಳಕನ್ನು ಓರೆಯಾಗಿ ಹಿಡಿದರೆ ಅಂಕಿಗಳ ಹಿಂದೆ ಮಸುಕು ನೆರಳು ಕಾಣಬಹುದು. ಇವಳದ್ದರಲ್ಲಿ ಅದು ಇರಲಿಲ್ಲ.

ಮುಂದೆ ಮುಚ್ಚಳ. ಪ್ಲಾಸ್ಟಿಕ್ ಮುಚ್ಚಳ ತೆಗೆದು, ಕೆಳಗಿನ ಅಲ್ಯೂಮಿನಿಯಂ ಹಾಳೆಯನ್ನು ಕಿತ್ತುಹಾಕದೆ, ಕಿಟಕಿಯ ಪಕ್ಕ ಓರೆಯಾಗಿ ಹಿಡಿದು ತೆಗೆಯಲು ಹೇಳಿದೆ. ಶಾಖದಿಂದ ಬೆಸೆದ ಹಾಳೆಯಾದರೆ ಅಂಚಿನ ಸುತ್ತ ಒಂದೇ ಅಗಲದ ಪಟ್ಟಿ ಕಾಣಬೇಕು. ನಡುವೆ ಸಣ್ಣ ಸುಕ್ಕಿದ್ದರೆ ಅದು ಸಾಗಣೆಯದು. ಒಂದು ಡಬ್ಬಿಯಲ್ಲಿ ಪಟ್ಟಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ದಾರದಷ್ಟು ಸಣ್ಣ, ಅಂಚಿನ ಕೆಳಗೆ ಪುಡಿಯ ಕಣಗಳೂ ಸಿಕ್ಕಿಕೊಂಡಿದ್ದವು. ಇದೊಂದೇ ಆಗಿದ್ದರೆ ಕಾರ್ಖಾನೆಯ ದೋಷವೆಂದು ಬಿಡಬಹುದಿತ್ತು, ಆದರೂ ಅಂಥ ಡಬ್ಬಿಯನ್ನು ಮಗುವಿಗೆ ಕೊಡುವ ಹಾಗಿಲ್ಲ.

ಕೊನೆಗೆ ಲೇಬಲ್. ಇಂಗ್ಲಿಷ್ ಜೊತೆ ಅರಬ್ಬಿ ಇತ್ತು. ನನಗೆ ಅರಬ್ಬಿ ಓದಲು ಬರುವುದಿಲ್ಲ, ಆದರೆ ಆ ಲಿಪಿಯ ಹೆಚ್ಚಿನ ಅಕ್ಷರಗಳು ಪದದೊಳಗೆ ಒಂದಕ್ಕೊಂದು ಕೂಡಿಕೊಂಡಿರುತ್ತವೆ ಎಂಬುದು ಗೊತ್ತು. ಇಲ್ಲಿ ಹಿಂಬದಿಯ ಸಣ್ಣ ಬರಹದಲ್ಲಿ ಪ್ರತಿ ಅಕ್ಷರವೂ ಬೇರೆ ಬೇರೆ ನಿಂತಿತ್ತು. ಅರಬ್ಬಿಯನ್ನು ಅರಿಯದ ತಂತ್ರಾಂಶದಲ್ಲಿ ಲೇಬಲ್ ಹೊಂದಿಸಿದಾಗ ಆಗುವುದು ಇದು, ಕೆಟ್ಟ ಫಾಂಟಿನಲ್ಲಿ ನಮ್ಮ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಕೂತಂತೆ. ಪಕ್ಕದ ಮನೆಯ ಅರಬ್ಬಿ ಬಲ್ಲ ಹಿರಿಯರಿಗೆ ತೋರಿಸಿದಾಗ, ಬಲದಿಂದ ಎಡಕ್ಕೆ ಓದಬೇಕಾದ ಪದಗಳು ಎಡದಿಂದ ಬಲಕ್ಕೆ ತಿರುಗಿವೆ ಎಂದರಂತೆ. ಡಬ್ಬಿಯಲ್ಲಿ ನಗುವ ಮಗುವಿನ ಚಿತ್ರವಿತ್ತು, ಆಮದುದಾರರ ಚೀಟಿ ಇರಲಿಲ್ಲ. ಭಾರತದಲ್ಲಿ 1992ರ ಕಾಯ್ದೆಯ ಪ್ರಕಾರ ಶಿಶು ಹಾಲಿನ ಡಬ್ಬಿಯ ಮೇಲೆ ಮಗುವಿನ ಅಥವಾ ಹೆಂಗಸಿನ ಚಿತ್ರ ಹಾಕುವಂತಿಲ್ಲ, ತಾಯಿಯ ಹಾಲೇ ಶ್ರೇಷ್ಠ ಎಂಬ ಸೂಚನೆ ಇರಲೇಬೇಕು. ಮಗುವಿನ ಚಿತ್ರ ಇರುವುದು, ಆಮದುದಾರರ ಚೀಟಿ ಇಲ್ಲದಿರುವುದು, ಇವೆರಡಷ್ಟೇ ನಕಲನ್ನು ಸಾಬೀತು ಮಾಡುವುದಿಲ್ಲ. ಕಳ್ಳದಾರಿಯಲ್ಲಿ ಬಂದ ಅಸಲಿ ಮಾಲೂ ಹಾಗೆಯೇ ಇರಬಹುದು.

"ಕರಗಿಸಿ ನೋಡಿದೆ ಮಾವ, ಗಂಟಾಗಲಿಲ್ಲ, ವಾಸನೆಯೂ ಸರಿ ಇದೆ" ಎಂದಳು. ಅದರಿಂದ ಏನೂ ತಿಳಿಯುವುದಿಲ್ಲ. 2016ರಲ್ಲಿ ಬೆಳಕಿಗೆ ಬಂದ ಚೀನಾದ ಶಾಂಘೈ ಪ್ರಕರಣದಲ್ಲಿ ಸಿಕ್ಕಿಬಿದ್ದವರು ಅಗ್ಗದ ಶಿಶು ಪುಡಿಯನ್ನೇ ದುಬಾರಿ ಹೆಸರಿನ ನಕಲಿ ಡಬ್ಬಿಗಳಲ್ಲಿ ತುಂಬಿದ್ದರು, ಅದೂ ಸುಮಾರು 17,000 ಡಬ್ಬಿ. ಒಳಗಿರುವುದು ಹಾಲಿನ ಪುಡಿಯೇ ಆದರೆ ಅದು ಕರಗುತ್ತದೆ. ಯಾವ ಪುಡಿ, ಎಷ್ಟು ಹಳೆಯದು ಎಂಬುದನ್ನು ಲೋಟ ಹೇಳುವುದಿಲ್ಲ.

ತಯಾರಕರ ಗ್ರಾಹಕ ಸೇವೆಗೆ ಬರೆದೆವು. ಬ್ಯಾಚ್ ಸಂಖ್ಯೆ ಅವರದ್ದೇ ಎಂದು ಉತ್ತರ ಬಂತು, ಅವಳಿಗೆ ಜೀವ ಬಂದಂತಾಯಿತು. ಅಸಲಿ ಡಬ್ಬಿಯಿಂದ ಸಂಖ್ಯೆ ನಕಲಿಸುವುದು ಕಷ್ಟವಲ್ಲವಲ್ಲ, ಆ ಬ್ಯಾಚ್ ಯಾವ ತೂಕದ ಡಬ್ಬಿಗೆ ಹೋಗಿತ್ತೆಂದು ಕೇಳು ಎಂದೆ. ಅದು ಪೂರ್ತಿ 400 ಗ್ರಾಂ ಡಬ್ಬಿಗಳಿಗೆ ಹೋಗಿತ್ತು. ಅವಳ ಕೈಯಲ್ಲಿದ್ದದ್ದು 900 ಗ್ರಾಂ.

ಅಷ್ಟರಲ್ಲಿ ಮಗುವಿನ ವೈದ್ಯರು ಹೇಳಿದ ಡಬ್ಬಿಯನ್ನು ಊರಿನ ಔಷಧ ಅಂಗಡಿಯಿಂದ ಬಿಲ್ ಸಮೇತ ತಂದಾಗಿತ್ತು. ಆನ್‌ಲೈನ್ ವ್ಯಾಪಾರಿಗೆ ದೂರು ಬರೆದರೆ, ಪ್ರಶ್ನೆಯೇ ಇಲ್ಲದೆ ಅಂದು ಸಂಜೆಯೇ ಹಣ ಮರಳಿಸಿ, ಡಬ್ಬಿ ವಾಪಸ್ ಬೇಡ, ಎಸೆದುಬಿಡಿ ಎಂದ. ಅವಳು ಎಸೆಯಲಿಲ್ಲ; ಬಿಲ್ಲು, ಪಾರ್ಸೆಲ್ ಹೊದಿಕೆ, ನಾನು ತೆಗೆಸಿದ ಚಿತ್ರಗಳ ಜೊತೆ ಎರಡನ್ನೂ ಜಿಲ್ಲಾ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಯ ಕಚೇರಿಗೆ ಒಪ್ಪಿಸಿ, ಸ್ವೀಕೃತಿ ಪಡೆದು ಬಂದಳು.